ಹೆಡ್ ಆಫೀಸ್–ಬ್ರಾಂಚ್ ಲೆಕ್ಕ ತಾಳೆಯಾಗುತ್ತಿಲ್ಲವೇ? ವ್ಯತ್ಯಾಸ ಹುಡುಕುವ ಬಗೆ

ಮಾರ್ಚ್ ಮುಗಿದಿದೆ. ಬೆಂಗಳೂರಿನ ಹೆಡ್ ಆಫೀಸ್ ಪುಸ್ತಕದಲ್ಲಿ ಹುಬ್ಬಳ್ಳಿ ಬ್ರಾಂಚ್ ಖಾತೆ 8,46,500 ಡೆಬಿಟ್ ತೋರಿಸುತ್ತಿದೆ. ಹುಬ್ಬಳ್ಳಿ ಪುಸ್ತಕದಲ್ಲಿ ಹೆಡ್ ಆಫೀಸ್ ಖಾತೆ 6,75,200 ಕ್ರೆಡಿಟ್. ಇವೆರಡೂ ಒಂದೇ ಮೊತ್ತ ಆಗಬೇಕಿತ್ತು. 1,71,300 ರೂಪಾಯಿ ಎಲ್ಲೋ ಸಿಕ್ಕಿಕೊಂಡಿದೆ. ಆಡಿಟರು ನಾಳಿದ್ದು ಬರುತ್ತಾರೆ. ಸಾಫ್ಟ್‌ವೇರ್ ನೋಡಿದರೆ ಎಲ್ಲೂ ಒಂದು ಎಚ್ಚರಿಕೆ ಇಲ್ಲ, ಎರಡೂ ಕಡೆ ಟ್ರಯಲ್ ಬ್ಯಾಲೆನ್ಸ್ ಚೆನ್ನಾಗಿಯೇ ಕೂತಿದೆ.

ಟ್ರಯಲ್ ಬ್ಯಾಲೆನ್ಸ್ ಸರಿ ಇರುವುದರಲ್ಲಿ ಆಶ್ಚರ್ಯ ಏನೂ ಇಲ್ಲ. ಎಚ್‌ಓ ತನ್ನ ಎಂಟ್ರಿಗೆ ಡೆಬಿಟ್ಟು ಕ್ರೆಡಿಟ್ಟು ಎರಡನ್ನೂ ತನ್ನ ಪುಸ್ತಕದಲ್ಲೇ ಹಾಕಿಕೊಳ್ಳುತ್ತದೆ, ಬ್ರಾಂಚ್ ಕೂಡ ಹಾಗೇ. ಎಚ್‌ಓ ಹಾಕಿದ್ದನ್ನು ಬ್ರಾಂಚ್ ಹಾಕದೇ ಇದ್ದರೂ ಇಬ್ಬರ ಪುಸ್ತಕವೂ ಒಳಗೊಳಗೆ ಸರಿಯೇ. ಎರಡನ್ನೂ ಸೇರಿಸಿ ಒಂದೇ ಬ್ಯಾಲೆನ್ಸ್ ಶೀಟ್ ಮಾಡಲು ಕೂತು, ಈ ಎರಡು ಖಾತೆಗಳನ್ನು ಒಂದಕ್ಕೊಂದು ಹೊಡೆದುಹಾಕಲು ಹೋದಾಗ ಮಾತ್ರ 1,71,300 ಉಳಿದುಬಿಡುತ್ತದೆ.

ಇಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಲ್ವಾ? ಯಾರೋ ಒಬ್ಬರು 1,71,300 ಅನ್ನು ಸಸ್ಪೆನ್ಸ್ ಖಾತೆಗೆ ತಳ್ಳಿ, ಆಮೇಲೆ ನೋಡೋಣ ಅಂತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಮೊತ್ತ ಒಂದೇ ವ್ಯವಹಾರದ್ದಾಗಿರುವುದು ಬಹಳ ಕಡಿಮೆ. ಐದಾರು ಸೇರಿ ಆಗಿರುತ್ತದೆ, ಅದರಲ್ಲಿ ಕೆಲವು ಒಂದು ಕಡೆ ಎಳೆದರೆ ಕೆಲವು ಇನ್ನೊಂದು ಕಡೆ ಎಳೆಯುತ್ತಿರುತ್ತವೆ. ಸಸ್ಪೆನ್ಸ್‌ಗೆ ಹಾಕಿದರೆ ಅಷ್ಟೂ ತಪ್ಪುಗಳನ್ನು ಒಂದೇ ಗಂಟು ಕಟ್ಟಿ ಮುಂದಿನ ವರ್ಷಕ್ಕೆ ಕಳಿಸಿದ ಹಾಗೆ.

ಕೆಳಗೆ ಇದೇ ಲೆಕ್ಕವನ್ನು ಬಿಡಿಸಿ ತೋರಿಸುತ್ತೇನೆ. ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರ ಅಂತ ಇಟ್ಟುಕೊಳ್ಳಿ. ವೈರು, ಸ್ವಿಚ್ಚು, ಎಂಸಿಬಿ, ಪಂಪ್ ಸ್ಟಾರ್ಟರ್ ಇತ್ಯಾದಿ. ಮಾಲು ಬೆಂಗಳೂರಿಂದ ಹೋಗುತ್ತದೆ, ಹುಬ್ಬಳ್ಳಿಯವರು ಮಾರಿ ದುಡ್ಡು ಕಳಿಸುತ್ತಾರೆ, ಪುಸ್ತಕ ಅವರದ್ದೇ ಬೇರೆ. ಎರಡೂ ಕಡೆ ಜಿಎಸ್‌ಟಿ ನಂಬರ್ ಒಂದೇ, ಹಾಗಾಗಿ ಮಾಲು ಡೆಲಿವರಿ ಚಲನ್ ಮೇಲೆ ಹೋಗುತ್ತದೆ, ತೆರಿಗೆ ಇಲ್ಲ.

ಮೊದಲು ಯಾವ ತಿಂಗಳಿಂದ ಶುರುವಾಯಿತು ನೋಡಿ

ಮಾರ್ಚ್ 31ರ ಮೊತ್ತವನ್ನೇ ಹಿಡಿದುಕೊಂಡು ತಲೆ ಕೆಡಿಸಿಕೊಳ್ಳಬೇಡಿ. ಏಪ್ರಿಲ್ 1ರ ಓಪನಿಂಗ್ ಬ್ಯಾಲೆನ್ಸ್ ಎರಡೂ ಕಡೆ ಒಂದೇ ಇದೆಯಾ ಅಂತ ಮೊದಲು ನೋಡಿ. ಅಲ್ಲೇ ವ್ಯತ್ಯಾಸ ಇದ್ದರೆ ಅದು ಹಳೇ ವರ್ಷದ್ದು. ಹೋದ ವರ್ಷದ ಕೊನೆಯಲ್ಲಿ ಆಡಿಟರು ಹೇಳಿ ಹಾಕಿಸಿದ ಎಂಟ್ರಿಯನ್ನು ಒಂದು ಕಡೆ ಮಾತ್ರ ಹಾಕಿ, ಇನ್ನೊಂದು ಕಡೆ ಮರೆತಿರುವುದೇ ಜಾಸ್ತಿ. ನಮ್ಮ ಲೆಕ್ಕದಲ್ಲಿ ಓಪನಿಂಗ್ ಸರಿ ಇದೆ ಅಂತ ಇಟ್ಟುಕೊಳ್ಳೋಣ.

ಆಮೇಲೆ ಪ್ರತಿ ತಿಂಗಳ ಕೊನೆಯ ಬ್ಯಾಲೆನ್ಸನ್ನು ಎದುರುಬದುರು ಇಡಿ. ಟ್ಯಾಲಿಯಲ್ಲಿ ಲೆಡ್ಜರ್ ತೆರೆದರೆ ತಿಂಗಳವಾರು ಕ್ಲೋಸಿಂಗ್ ಬ್ಯಾಲೆನ್ಸ್ ತಾನೇ ಬರುತ್ತದೆ. ಎಚ್‌ಓದಲ್ಲಿ ಒಂದು ಪ್ರಿಂಟು, ಬ್ರಾಂಚಿಂದ ಒಂದು ಪ್ರಿಂಟು, ಅಷ್ಟೇ. ವ್ಯತ್ಯಾಸ ಬರೆಯುತ್ತಾ ಹೋಗಿ:

| ತಿಂಗಳ ಕೊನೆ | ಎಚ್‌ಓ ಪುಸ್ತಕದಲ್ಲಿ ಜಾಸ್ತಿ ಇರುವುದು |
|---|---|
| ಏಪ್ರಿಲ್‌ನಿಂದ ಅಕ್ಟೋಬರ್ | 0 |
| ನವೆಂಬರ್ | 1,800 |
| ಡಿಸೆಂಬರ್ | 65,800 |
| ಜನವರಿ | 1,800 |
| ಫೆಬ್ರವರಿ | 13,300 |
| ಮಾರ್ಚ್ | 1,71,300 |

(ನಿಜವಾದ ಪುಸ್ತಕದಲ್ಲಿ ಏಳು ತಿಂಗಳು ಸೊನ್ನೆ ಸಿಗುವುದಿಲ್ಲ ಬಿಡಿ. ಆದರೂ ಓದುವ ರೀತಿ ಇದೇ.)

ಈ ಪಟ್ಟಿಯನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಡಿಸೆಂಬರ್‌ನಲ್ಲಿ 64,000 ಬಂದು ಜನವರಿಯಲ್ಲಿ ಹೋಗಿಬಿಟ್ಟಿದೆ. ಅಂದರೆ ಅದು ದಾರಿಯಲ್ಲಿದ್ದ ಮಾಲು, ತಲುಪಿದ ಮೇಲೆ ಸರಿಹೋಯಿತು, ಅದನ್ನು ಹುಡುಕುವ ಕೆಲಸವೇ ಇಲ್ಲ. ಆದರೆ ನವೆಂಬರಿನ 1,800 ಬಂದದ್ದು ಬಂದ ಹಾಗೇ ಅಲ್ಲೇ ಕೂತಿದೆ. ಮುಂದಿನ ತಿಂಗಳೂ ಇದೆ, ಅದರ ಮುಂದಿನ ತಿಂಗಳೂ ಇದೆ. ಹೀಗೆ ಅಲ್ಲಾಡದೆ ಕೂತಿರುವುದು ದಾರಿಯಲ್ಲಿರುವ ಮಾಲಲ್ಲ, ದುಡ್ಡೂ ಅಲ್ಲ, ಅದು ಎಂಟ್ರಿ ತಪ್ಪು. ಫೆಬ್ರವರಿಯಲ್ಲಿ ಅದಕ್ಕೆ ಇನ್ನೊಂದು 11,500 ಸೇರಿದೆ. ಮಾರ್ಚ್‌ನಲ್ಲಿ 1,58,000.

ಈಗ 1,71,300 ಅನ್ನುವ ದೊಡ್ಡ ತೊಡಕು ಮೂರು ತುಂಡಾಯಿತು: ನವೆಂಬರಿನದು, ಫೆಬ್ರವರಿಯದು, ಮಾರ್ಚಿನದು. ಒಂದೊಂದನ್ನೇ ಹಿಡಿಯೋಣ.

1,800: ಅಂಕಿ ತಿರುಗುಮುರುಗಾದದ್ದು

1,800 ಅನ್ನು 9ರಿಂದ ಭಾಗಿಸಿ. 200 ಬರುತ್ತದೆ, ಶೇಷ ಇಲ್ಲ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇದು ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವುದೇ. ಆದರೆ ಭಾಗಿಸಿ ಬಂದ ಸಂಖ್ಯೆಯೂ ಒಂದು ಸುಳಿವು ಕೊಡುತ್ತದೆ, ಅದನ್ನು ಹಲವರು ನೋಡುವುದಿಲ್ಲ. ಇಲ್ಲಿ 200 ಬಂದಿದೆ. ಅಂದರೆ ಅದಲುಬದಲಾದ ಎರಡು ಅಂಕಿಗಳ ನಡುವೆ 2 ವ್ಯತ್ಯಾಸ ಇದೆ, ಮತ್ತು ಅವು ನೂರರ ಸ್ಥಾನ ಮತ್ತು ಅದರ ಎಡಕ್ಕಿರುವ ಸಾವಿರದ ಸ್ಥಾನದಲ್ಲಿವೆ. ಹಾಗಾಗಿ ನವೆಂಬರ್ ತಿಂಗಳ ಚಲನ್‌ಗಳಲ್ಲಿ ಸಾವಿರ ಮತ್ತು ನೂರರ ಅಂಕಿಗಳು 6–4, 5–3, 7–5 ಹೀಗಿರುವುದನ್ನು ಮಾತ್ರ ನೋಡಿದರೆ ಸಾಕು.

ನೋಡಿದರೆ ಸಿಕ್ಕಿತು: ಎಚ್‌ಓದಲ್ಲಿ 36,400ರ ಚಲನ್, ಅದೇ ಚಲನ್ ನಂಬರಿಗೆ ಬ್ರಾಂಚಿನಲ್ಲಿ 34,600.

ಯಾರದ್ದು ಸರಿ ಅಂತ ಫೋನಿನಲ್ಲಿ ತೀರ್ಮಾನ ಮಾಡಬೇಡಿ. ಚಲನ್ ಕಾಪಿ ತೆಗೆದು, ಐಟಂಗಳ ಸಂಖ್ಯೆ ಮತ್ತು ದರ ಗುಣಿಸಿ ನೋಡಿ. ಎಚ್‌ಓ ದೊಡ್ಡದು ಅಂತ ಎಚ್‌ಓ ಎಂಟ್ರಿಯೇ ಸರಿ ಆಗಬೇಕಿಲ್ಲ. ಇಲ್ಲಿ ಚಲನ್ 36,400 ಅಂತಲೇ ಇದೆ, ತಪ್ಪು ಬ್ರಾಂಚಿನದು.

9ರ ಪರೀಕ್ಷೆ ಬಗ್ಗೆ ಒಂದು ಎಚ್ಚರಿಕೆ. ಇದು ಸುಳಿವು ಮಾತ್ರ. 45,000 ಕೂಡ 9ರಿಂದ ಭಾಗವಾಗುತ್ತದೆ, 18,000 ಕೂಡ ಆಗುತ್ತದೆ, ಅವು ಅಂಕಿ ತಿರುಗಿದ್ದಲ್ಲ ಅಂತ ಮುಂದೆ ನೋಡುತ್ತೀರಿ. ಇನ್ನೊಂದು, ಎರಡು ತಪ್ಪು ಒಟ್ಟಿಗೆ ಸೇರಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ಫೆಬ್ರವರಿ ಕೊನೆಯ 13,300 ತೆಗೆದುಕೊಂಡು 9ರಿಂದ ಭಾಗಿಸಿದ್ದರೆ ಏನೂ ಸಿಗುತ್ತಿರಲಿಲ್ಲ. ತಿಂಗಳವಾರು ಪಟ್ಟಿ ಮೊದಲು ಮಾಡಿಸಿದ್ದು ಅದಕ್ಕೇ.

11,500: ಎದುರು ಬದಿಗೆ ಬಿದ್ದದ್ದು

ಫೆಬ್ರವರಿಯಲ್ಲಿ ಹೊಸದಾಗಿ ಸೇರಿದ್ದು 11,500. ಎರಡೂ ಲೆಡ್ಜರ್‌ಗಳಲ್ಲಿ 11,500 ಅನ್ನುವ ಎಂಟ್ರಿಯೇ ಇಲ್ಲ. 9ರಿಂದ ಭಾಗವೂ ಆಗುವುದಿಲ್ಲ. ಆಗ ಅರ್ಧ ಮಾಡಿ: 5,750. ಆ ಮೊತ್ತ ಎರಡೂ ಕಡೆ ಇದೆ!

ಬ್ರಾಂಚಿನವರು ಸುಟ್ಟುಹೋದ ಸ್ಟಾರ್ಟರ್‌ಗಳನ್ನು ವಾಪಸ್ ಕಳಿಸಿದ್ದರು. ಅವರ ಪುಸ್ತಕದಲ್ಲಿ ಹೆಡ್ ಆಫೀಸ್ ಖಾತೆಗೆ 5,750 ಡೆಬಿಟ್, ಸರಿಯಾಗೇ ಇದೆ. ಎಚ್‌ಓದಲ್ಲಿ ಬ್ರಾಂಚ್ ಖಾತೆಗೆ ಕ್ರೆಡಿಟ್ ಆಗಬೇಕಿತ್ತು. ಆದರೆ ಅಲ್ಲಿ ದಿನಾ ಮಾಲು ಕಳಿಸುವ ಎಂಟ್ರಿ ಹೊಡೆದೂ ಹೊಡೆದೂ ಕೈ ಅದಕ್ಕೇ ಒಗ್ಗಿಹೋಗಿರುತ್ತದೆ, ವಾಪಸ್ ಬಂದ ಮಾಲನ್ನೂ ಕಳಿಸಿದ ಮಾಲಿನ ಹಾಗೆಯೇ ಹಾಕಿ, ಬ್ರಾಂಚ್ ಖಾತೆಗೆ ಡೆಬಿಟ್ ಮಾಡಿದ್ದಾರೆ. 5,750 ಕಡಿಮೆ ಆಗುವ ಬದಲು 5,750 ಜಾಸ್ತಿ ಆಯಿತು, ಒಟ್ಟು ವ್ಯತ್ಯಾಸ ದುಪ್ಪಟ್ಟು.

ಎಂಟ್ರಿ ಬಿಟ್ಟುಹೋಗಿದ್ದರೆ ವ್ಯತ್ಯಾಸ ಆ ಮೊತ್ತದಷ್ಟೇ ಇರುತ್ತದೆ. ಬದಿ ತಪ್ಪಿದ್ದರೆ ಎರಡರಷ್ಟು. ಹಾಗಾಗಿ ಒಂದು ಮೊತ್ತ ನೇರವಾಗಿ ಸಿಗದೇ ಇದ್ದಾಗ ಅರ್ಧ ಮಾಡಿ ಹುಡುಕುವುದನ್ನು ಮರೆಯಬೇಡಿ.

1,58,000: ಮಾರ್ಚ್ ತಿಂಗಳು

ಮಾರ್ಚ್‌ನಲ್ಲಿ ಒಂದೇ ಐಟಂ ಅಲ್ಲ, ಹಲವು ಇವೆ ಅಂತ ಮೊತ್ತ ನೋಡಿದರೇ ಅನಿಸುತ್ತದೆ. ಇಲ್ಲಿ ಸಾಲುಸಾಲಾಗಿ ಟಿಕ್ ಹಾಕುವುದೇ ದಾರಿ. ಎಂಟ್ರಿ ಕಡಿಮೆ ಇದ್ದರೆ ಎರಡು ಪ್ರಿಂಟು, ಒಂದು ಪೆನ್ಸಿಲ್ ಸಾಕು. ನೂರಾರು ಇದ್ದರೆ ಎರಡೂ ಲೆಡ್ಜರ್‌ಗಳನ್ನು ಎಕ್ಸೆಲ್‌ಗೆ ಇಳಿಸಿ, ಒಂದು ಶೀಟಿಗೆ `HO`, ಇನ್ನೊಂದಕ್ಕೆ `BR` ಅಂತ ಹೆಸರಿಡಿ. `A`ಯಲ್ಲಿ ತಾರೀಕು, `B`ಯಲ್ಲಿ ಚಲನ್ ಅಥವಾ ವೋಚರ್ ನಂಬರ್, `C`ಯಲ್ಲಿ ಮೊತ್ತ. ಮೊತ್ತದ ಚಿಹ್ನೆ ಮುಖ್ಯ: `HO` ಶೀಟಿನಲ್ಲಿ ಡೆಬಿಟ್ ಪ್ಲಸ್, ಕ್ರೆಡಿಟ್ ಮೈನಸ್. `BR` ಶೀಟಿನಲ್ಲಿ ಉಲ್ಟಾ, ಅಂದರೆ ಕ್ರೆಡಿಟ್ ಪ್ಲಸ್, ಡೆಬಿಟ್ ಮೈನಸ್. ಆಗ ಒಂದೇ ವ್ಯವಹಾರಕ್ಕೆ ಎರಡೂ ಕಡೆ ಒಂದೇ ಸಂಖ್ಯೆ ಬರುತ್ತದೆ.

ಎರಡೂ ಶೀಟಿನ `D2`ದಲ್ಲಿ ಇದನ್ನು ಹಾಕಿ ಕೆಳಗಿನ ತನಕ ಎಳೆಯಿರಿ:

```
=C2&"#"&COUNTIF($C$2:C2,C2)
```

ಒಂದೇ ಮೊತ್ತ ತಿಂಗಳಲ್ಲಿ ಮೂರು ಸಲ ಬಂದಿದ್ದರೆ ಒಂದನೆಯದು, ಎರಡನೆಯದು, ಮೂರನೆಯದು ಅಂತ ಬೇರೆ ಮಾಡುವುದಕ್ಕೆ ಇದು. ಇಲ್ಲದಿದ್ದರೆ ಎಚ್‌ಓದ ಮೂರು 10,000ಗಳಿಗೆ ಬ್ರಾಂಚಿನ ಒಂದೇ 10,000 ಹೊಂದಿಕೊಂಡು ಎಲ್ಲ ಸರಿ ಅಂತ ತೋರಿಸಿಬಿಡುತ್ತದೆ. ಆಮೇಲೆ `HO` ಶೀಟಿನ `E2`ದಲ್ಲಿ:

```
=IF(COUNTIF(BR!$D:$D,D2)>0,"OK","?")
```

`BR` ಶೀಟಿನಲ್ಲೂ ಇದೇ, `BR!` ಬದಲು `HO!`. ಎರಡೂ ಕಡೆ `?` ಬಿದ್ದ ಸಾಲುಗಳನ್ನು ಮಾತ್ರ ಫಿಲ್ಟರ್ ಮಾಡಿ. ಮೊತ್ತ ಹೊಂದಿದ ಮಾತ್ರಕ್ಕೆ ವ್ಯವಹಾರವೂ ಒಂದೇ ಅಂತ ಹೇಳಲಾಗದು, ಅದಕ್ಕೆ `OK` ಬಂದ ದೊಡ್ಡ ಮೊತ್ತಗಳ ಚಲನ್ ನಂಬರನ್ನೂ ಒಮ್ಮೆ ಕಣ್ಣಾಡಿಸಿ. ಒಂದು ಚಲನ್ನನ್ನು ಬ್ರಾಂಚಿನವರು ಎರಡು ಭಾಗ ಮಾಡಿ ಎಂಟ್ರಿ ಮಾಡಿದ್ದರೂ `?` ಬರುತ್ತದೆ, ಅದು ತಪ್ಪಲ್ಲ.

ನಮಗೆ ಉಳಿದದ್ದು ಇಷ್ಟು. ಎಚ್‌ಓ ಕಡೆ: ಮಾರ್ಚ್ 29ರ ಚಲನ್ 1,20,000. ಮಾರ್ಚ್ 31ರ ಜರ್ನಲ್ 18,000. ಮಾರ್ಚ್ 27ರ ಒಂದು ಕ್ರೆಡಿಟ್, ಮೈನಸ್ 25,000. ಬ್ರಾಂಚ್ ಕಡೆ: ಮಾರ್ಚ್ 31ರ ಒಂದು ಡೆಬಿಟ್, ಮೈನಸ್ 45,000.

ಮುಂದೆ ಹೋಗುವ ಮೊದಲು ಕೂಡಿ ನೋಡಿ. ಎಚ್‌ಓ ಕಡೆ ಉಳಿದದ್ದು 1,13,000, ಬ್ರಾಂಚ್ ಕಡೆ ಉಳಿದದ್ದು ಮೈನಸ್ 45,000, ಎರಡರ ವ್ಯತ್ಯಾಸ 1,58,000. ಮಾರ್ಚ್‌ನಲ್ಲಿ ಹೆಚ್ಚಾದದ್ದೂ ಅಷ್ಟೇ. ಇದು ಕೂಡಿಬರದಿದ್ದರೆ ಟಿಕ್ ಹಾಕುವುದರಲ್ಲೇ ಎಲ್ಲೋ ಎಡವಿದ್ದೀರಿ, ಕಾರಣ ಹುಡುಕಲು ಹೋಗಬೇಡಿ.

1,20,000: ನಿಜವಾಗಿ ದಾರಿಯಲ್ಲಿದೆಯಾ?

ನನ್ನ ಪ್ರಕಾರ ಅತಿ ಹೆಚ್ಚು ದುರುಪಯೋಗ ಆಗುವ ಮಾತು ಅಂದರೆ "ಗೂಡ್ಸ್ ಇನ್ ಟ್ರಾನ್ಸಿಟ್". ಎಚ್‌ಓ ಹಾಕಿ ಬ್ರಾಂಚ್ ಹಾಕಿಲ್ಲ ಅಂದ ತಕ್ಷಣ ಟ್ರಾನ್ಸಿಟ್ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಬೆಂಗಳೂರಿಂದ ಹುಬ್ಬಳ್ಳಿ ಸುಮಾರು 400 ಕಿ.ಮೀ. ಮಾರ್ಚ್ 29ಕ್ಕೆ ಹೊರಟ ಮಾಲು 31ರ ಒಳಗೆ ತಲುಪಲೇಬೇಕಲ್ವಾ? ಹಾಗಾದರೆ ಬ್ರಾಂಚಿನ ಎಂಟ್ರಿ ಏಪ್ರಿಲ್ 3ಕ್ಕೆ ಯಾಕಿದೆ?

ಬ್ರಾಂಚಿಗೆ ಫೋನ್ ಮಾಡಿ ಕೇಳಿದರೆ ಇಂಥ ಉತ್ತರ ಬರುತ್ತದೆ: "ಮಾಲು 30ಕ್ಕ ಬಂದೈತ್ರಿ ಸರ, ಟ್ರಾನ್ಸ್‌ಪೋರ್ಟ್ ಆಫೀಸ್‌ನ್ಯಾಗ ಇತ್ತು. ನಾವು ಬಿಡಿಸಿಕೊಂಡಿದ್ದು 3ಕ್ಕರಿ."

ಇದು ಒಪ್ಪುವ ಉತ್ತರ. ಪಾರ್ಸೆಲ್ ಲಾರಿಯವರು ಅಂಗಡಿ ಬಾಗಿಲಿಗೆ ತರುವುದಿಲ್ಲ, ಅವರ ಗೋಡೌನಿನಲ್ಲಿ ಇಳಿಸುತ್ತಾರೆ, ಎಲ್‌ಆರ್ ತೋರಿಸಿ ನಾವೇ ಬಿಡಿಸಿಕೊಂಡು ಬರಬೇಕು. ಆದರೆ ಬಾಯಿಮಾತಿಗೆ ಬಿಡಬೇಡಿ. ಎಲ್‌ಆರ್ ಮೇಲೆ ಡೆಲಿವರಿ ತಾರೀಕು ಇರುತ್ತದೆ, ಬ್ರಾಂಚಿನ ಇನ್‌ವರ್ಡ್ ರಿಜಿಸ್ಟರ್ ಇರುತ್ತದೆ, ಎರಡನ್ನೂ ಫೋಟೋ ಹೊಡೆದು ಕಳಿಸಲು ಹೇಳಿ.

ಇಷ್ಟೆಲ್ಲ ಯಾಕೆ ಅಂದರೆ, ಮಾರ್ಚ್ 31ರ ಸ್ಟಾಕ್ ಎಣಿಕೆ. ಮಾಲು ನಿಜವಾಗಿ 31ಕ್ಕೇ ಅಂಗಡಿಗೆ ಬಂದು, ಹುಡುಗರು ಅದನ್ನೂ ಎಣಿಸಿ ಪಟ್ಟಿಗೆ ಸೇರಿಸಿದ್ದಾರೆ, ಆದರೆ ಎಂಟ್ರಿ ಮಾತ್ರ ಏಪ್ರಿಲ್ 3ಕ್ಕೆ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಆಗ ಕ್ಲೋಸಿಂಗ್ ಸ್ಟಾಕಿನಲ್ಲಿ ಮಾಲಿದೆ, ಬಂದ ಮಾಲಿನ ಖಾತೆಯಲ್ಲಿ ಇಲ್ಲ. ಬ್ರಾಂಚಿನ ಲಾಭ 1,20,000 ಸುಳ್ಳೇ ಉಬ್ಬಿರುತ್ತದೆ. ಅದರ ಮೇಲೆ ಟ್ರಾನ್ಸಿಟ್ ಅಂತ ಇನ್ನೊಂದು ಆಸ್ತಿ ತೋರಿಸಿದರೆ ಒಂದೇ ಮಾಲು ಬ್ಯಾಲೆನ್ಸ್ ಶೀಟಿನಲ್ಲಿ ಎರಡು ಸಲ ಬರುತ್ತದೆ, ಮಜಾ ಅಂದರೆ ಎರಡು ಖಾತೆಗಳು ಮಾತ್ರ ಚೆನ್ನಾಗಿ ತಾಳೆಯಾಗುತ್ತವೆ! ಅಂಥ ಕಡೆ ಬ್ರಾಂಚಿನ ಎಂಟ್ರಿಯ ತಾರೀಕನ್ನೇ 31ಕ್ಕೆ ಸರಿಮಾಡಬೇಕು. ನಮ್ಮ ಲೆಕ್ಕದಲ್ಲಿ ಮಾಲು ಗೋಡೌನಿನಲ್ಲೇ ಇತ್ತು, ಎಣಿಕೆಯಲ್ಲಿ ಸೇರಿಲ್ಲ. ಹಾಗಾಗಿ ಟ್ರಾನ್ಸಿಟ್ ಸರಿ.

45,000, 25,000, 18,000

45,000 ಬ್ರಾಂಚಿನವರು ಮಾರ್ಚ್ 31ಕ್ಕೆ ಬರೆದ ಚೆಕ್. ಕೊರಿಯರ್‌ನಲ್ಲಿ ಬಂದು ಎಚ್‌ಓಗೆ ಸಿಕ್ಕಿದ್ದು ಏಪ್ರಿಲ್ 2ಕ್ಕೆ. ಇದು ನಿಜವಾದ ಕ್ಯಾಶ್ ಇನ್ ಟ್ರಾನ್ಸಿಟ್. ಚೆಕ್ ಆದ್ದರಿಂದ ಒಪ್ಪಿದೆ. ಇದೇ ಎನ್‌ಇಎಫ್‌ಟಿ ಆಗಿದ್ದರೆ ಒಪ್ಪುತ್ತಿರಲಿಲ್ಲ. 2019ರ ಡಿಸೆಂಬರ್‌ನಿಂದ ಎನ್‌ಇಎಫ್‌ಟಿ ರಜಾ ದಿನವೂ, ರಾತ್ರಿಯೂ ನಡೆಯುತ್ತದೆ, ದುಡ್ಡು ಮೂರು ದಿನ ದಾರಿಯಲ್ಲಿ ನಿಲ್ಲುವ ಮಾತೇ ಇಲ್ಲ. ಬ್ರಾಂಚಿನವರು ಎಚ್‌ಓ ಖಾತೆಗೆ ಮಷೀನಿನಲ್ಲಿ ಕ್ಯಾಶ್ ಕಟ್ಟಿದ್ದರೂ ಅಷ್ಟೇ. ಎಚ್‌ಓದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ, 31ಕ್ಕೇ ಜಮಾ ಆಗಿದ್ದರೆ ಅದು ಟ್ರಾನ್ಸಿಟ್ ಅಲ್ಲ, ಎಚ್‌ಓ ಎಂಟ್ರಿ ಬಿಟ್ಟಿದೆ, ಅಷ್ಟೇ.

25,000ದ್ದು ಸ್ವಾರಸ್ಯ ಇದೆ. ಗದಗದ ಒಬ್ಬ ಗಿರಾಕಿ ಹುಬ್ಬಳ್ಳಿ ಬ್ರಾಂಚಿಗೆ ಕೊಡಬೇಕಾದ ದುಡ್ಡನ್ನು ನೇರವಾಗಿ ಎಚ್‌ಓ ಖಾತೆಗೆ ಹಾಕಿದ್ದಾರೆ, ಬಿಲ್ಲಿನ ಕೆಳಗೆ ಎಚ್‌ಓದ ಬ್ಯಾಂಕ್ ನಂಬರೇ ಅಚ್ಚಾಗಿದೆಯಲ್ಲ. ಎಚ್‌ಓ ಬ್ಯಾಂಕಿಗೆ ಡೆಬಿಟ್, ಬ್ರಾಂಚಿಗೆ ಕ್ರೆಡಿಟ್ ಮಾಡಿದೆ. ಬ್ರಾಂಚಿಗೆ ಯಾರೂ ಹೇಳಿಲ್ಲ. ಅವರ ಪುಸ್ತಕದಲ್ಲಿ ಆ ಗಿರಾಕಿ ಇನ್ನೂ ಬಾಕಿದಾರ, ಸೇಲ್ಸ್ ಹುಡುಗ ಹೋಗಿ ವಸೂಲಿಗೆ ನಿಂತು ಬೈಸಿಕೊಂಡು ಬಂದಿರುತ್ತಾನೆ. ಈ ಐಟಂ ಮಾತ್ರ ಉಳಿದವುಗಳ ಎದುರು ದಿಕ್ಕಿಗೆ ಎಳೆಯುತ್ತದೆ, ಒಟ್ಟು ವ್ಯತ್ಯಾಸವನ್ನು ಕಡಿಮೆ ಮಾಡಿ ತೋರಿಸುತ್ತದೆ.

ಇಲ್ಲೇ ಒಂದು ಕಾಣದ ತಪ್ಪಿದೆ. ಆ 25,000 ಯಾರದ್ದು ಅಂತ ಗೊತ್ತಾಗದೆ ಎಚ್‌ಓದವರು ಸಸ್ಪೆನ್ಸ್‌ಗೆ ಹಾಕಿದ್ದರೆ, ಬ್ರಾಂಚ್ ಖಾತೆಯಲ್ಲಿ ಏನೂ ಆಗಿರುವುದಿಲ್ಲ, ವ್ಯತ್ಯಾಸವೂ ಇರುವುದಿಲ್ಲ. ಎರಡೂ ಪುಸ್ತಕ ತಪ್ಪು, ತಾಳೆ ಮಾತ್ರ ಸರಿ. ಹಾಗಾಗಿ ಎಚ್‌ಓದ ಸಸ್ಪೆನ್ಸ್ ಖಾತೆಯನ್ನೂ ಒಮ್ಮೆ ತೆಗೆದು, ಬ್ರಾಂಚಿನ ಹಳೇ ಬಾಕಿದಾರರ ಪಟ್ಟಿ ಪಕ್ಕದಲ್ಲಿಟ್ಟು ನೋಡಿ.

18,000 ಸರಳ. ಆಡಿಟ್ ಫೀಸು, ಇನ್ಶೂರೆನ್ಸು, ಸಾಫ್ಟ್‌ವೇರ್ ಖರ್ಚಿನಲ್ಲಿ ಬ್ರಾಂಚಿನ ಪಾಲು ಅಂತ ಎಚ್‌ಓ 31ಕ್ಕೆ ಹಾಕಿದೆ, ಡೆಬಿಟ್ ನೋಟ್ ಕಳಿಸಿಲ್ಲ. ಬ್ರಾಂಚ್ ಮ್ಯಾನೇಜರಿಗೆ ಲಾಭದ ಮೇಲೆ ಕಮಿಷನ್ ಇದ್ದರೆ ಇಲ್ಲಿ ಜಗಳ ಗ್ಯಾರಂಟಿ. ಪಾಲು ಜಾಸ್ತಿಯಾಯಿತು ಅಂತ ಅವರು ವಾದ ಮಾಡಲಿ, ಬೇಕಾದರೆ ಎಚ್‌ಓ ಮೊತ್ತ ಬದಲಿಸಲಿ. ಆದರೆ ಎಂಟ್ರಿಯನ್ನು ಒಂದು ಕಡೆ ಹಾಕಿ ಇನ್ನೊಂದು ಕಡೆ ತಡೆಹಿಡಿಯುವುದು ಮಾತ್ರ ಬೇಡ.

ಸರಿಪಡಿಸುವುದು

ಪ್ರತಿ ಐಟಂಗೂ ಒಂದೇ ಪ್ರಶ್ನೆ: ಯಾರ ಪುಸ್ತಕ ಹಿಂದೆ ಬಿದ್ದಿದೆ? ಎಂಟ್ರಿ ಅಲ್ಲಿ ಮಾತ್ರ.

ಬ್ರಾಂಚ್ ಪುಸ್ತಕದಲ್ಲಿ:
- ಗೂಡ್ಸ್ ಇನ್ ಟ್ರಾನ್ಸಿಟ್ ಡೆಬಿಟ್ 1,20,000, ಹೆಡ್ ಆಫೀಸ್ ಕ್ರೆಡಿಟ್
- ಎಚ್‌ಓ ಖರ್ಚಿನ ಪಾಲು ಡೆಬಿಟ್ 18,000, ಹೆಡ್ ಆಫೀಸ್ ಕ್ರೆಡಿಟ್
- ಎಚ್‌ಓದಿಂದ ಬಂದ ಮಾಲು ಡೆಬಿಟ್ 1,800, ಹೆಡ್ ಆಫೀಸ್ ಕ್ರೆಡಿಟ್
- ಹೆಡ್ ಆಫೀಸ್ ಡೆಬಿಟ್ 25,000, ಗದಗದ ಗಿರಾಕಿ ಕ್ರೆಡಿಟ್

ಎಚ್‌ಓ ಪುಸ್ತಕದಲ್ಲಿ:
- ಕ್ಯಾಶ್ ಇನ್ ಟ್ರಾನ್ಸಿಟ್ ಡೆಬಿಟ್ 45,000, ಹುಬ್ಬಳ್ಳಿ ಬ್ರಾಂಚ್ ಕ್ರೆಡಿಟ್
- ಬ್ರಾಂಚಿಗೆ ಕಳಿಸಿದ ಮಾಲು ಡೆಬಿಟ್ 11,500, ಹುಬ್ಬಳ್ಳಿ ಬ್ರಾಂಚ್ ಕ್ರೆಡಿಟ್

ಕೊನೆಯದಕ್ಕೆ 5,750 ಅಲ್ಲ, 11,500. ತಪ್ಪನ್ನು ಅಳಿಸಲು ಒಂದು 5,750, ಸರಿಯಾದದ್ದನ್ನು ಹಾಕಲು ಇನ್ನೊಂದು.

| | ಎಚ್‌ಓದಲ್ಲಿ ಬ್ರಾಂಚ್ ಖಾತೆ (ಡೆಬಿಟ್) | ಬ್ರಾಂಚಿನಲ್ಲಿ ಎಚ್‌ಓ ಖಾತೆ (ಕ್ರೆಡಿಟ್) |
|---|---|---|
| ಈಗಿರುವುದು | 8,46,500 | 6,75,200 |
| ದಾರಿಯಲ್ಲಿರುವ ಮಾಲು | | +1,20,000 |
| ದಾರಿಯಲ್ಲಿರುವ ಚೆಕ್ | −45,000 | |
| ಖರ್ಚಿನ ಪಾಲು | | +18,000 |
| ಗಿರಾಕಿ ನೇರ ಕಟ್ಟಿದ್ದು | | −25,000 |
| ಅಂಕಿ ತಿರುಗಿದ್ದು | | +1,800 |
| ಬದಿ ತಪ್ಪಿದ್ದು | −11,500 | |
| ಸರಿಯಾದ ಬ್ಯಾಲೆನ್ಸ್ | 7,90,000 | 7,90,000 |

ದಾರಿಯಲ್ಲಿರುವ ಮಾಲನ್ನು ಬ್ರಾಂಚಿನಲ್ಲಿ ಹಾಕುವ ಬದಲು ಎಚ್‌ಓದಲ್ಲೂ ಹಾಕಬಹುದು. ಆಗ ಎಚ್‌ಓ ಟ್ರಾನ್ಸಿಟ್ ಖಾತೆಗೆ ಡೆಬಿಟ್ ಮಾಡಿ ಬ್ರಾಂಚ್ ಖಾತೆಗೆ ಕ್ರೆಡಿಟ್ ಮಾಡುತ್ತದೆ, ಎರಡೂ ಕಡೆ 6,70,000 ನಿಲ್ಲುತ್ತದೆ. ಒಟ್ಟು ಬ್ಯಾಲೆನ್ಸ್ ಶೀಟಿಗೆ ಎರಡೂ ಒಂದೇ. ಎಡವಟ್ಟಾಗುವುದು ಇಬ್ಬರೂ ಹಾಕಿದಾಗ. ಎಲ್ಲ ಸರಿಮಾಡಿದ ಮೇಲೂ ಬ್ರಾಂಚಿನಲ್ಲಿ ಸರಿಯಾಗಿ 1,20,000 ಜಾಸ್ತಿ ಬಂತು ಅಂದರೆ ಬೇರೇನೂ ಹುಡುಕಬೇಡಿ, ಇಬ್ಬರೂ ಹಾಕಿದ್ದಾರೆ.

ನವೆಂಬರ್, ಫೆಬ್ರವರಿಯ ಹಳೇ ವೋಚರ್‌ಗಳನ್ನು ತೆರೆದು ಮೊತ್ತ ತಿದ್ದಿಬಿಡೋಣ ಅನಿಸುತ್ತದೆ. ಬೇಡ, ಮಾರ್ಚ್ 31ಕ್ಕೆ ತಿದ್ದುಪಡಿ ಜರ್ನಲ್ ಹಾಕಿ, ವಿವರಣೆಯಲ್ಲಿ ಮೂಲ ವೋಚರ್ ನಂಬರ್ ಬರೆಯಿರಿ. ಕಂಪನಿ ಆಗಿದ್ದರೆ 2023ರ ಏಪ್ರಿಲ್ 1ರಿಂದ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಕಡ್ಡಾಯ, ತಿದ್ದಿದ್ದು ಹೇಗೂ ಕಾಣುತ್ತದೆ, ಕಾರಣವನ್ನೂ ಕೇಳುತ್ತಾರೆ.

ವ್ಯತ್ಯಾಸ ಪ್ರತಿ ತಿಂಗಳೂ ಬೆಳೆಯುತ್ತಾ ಹೋದರೆ

ತಿಂಗಳವಾರು ಪಟ್ಟಿಯಲ್ಲಿ ವ್ಯತ್ಯಾಸ ಬಂದು ನಿಲ್ಲುವ ಬದಲು ಪ್ರತಿ ತಿಂಗಳೂ ಏರುತ್ತಿದ್ದರೆ ಅದು ಬೇರೆ ಜಾತಿ. ಒಂದು ಎಂಟ್ರಿ ತಪ್ಪಿರುವುದಿಲ್ಲ, ಎಂಟ್ರಿ ಮಾಡುವ ಕ್ರಮವೇ ತಪ್ಪಿರುತ್ತದೆ. ಬ್ರಾಂಚ್ ಬೇರೆ ರಾಜ್ಯದಲ್ಲಿದ್ದರೆ, ಹೊಸೂರೋ ಕೊಲ್ಹಾಪುರವೋ ಆಗಿದ್ದರೆ, ಮೊದಲು ಐಜಿಎಸ್‌ಟಿ ನೋಡಿ. ಅಲ್ಲಿ ಜಿಎಸ್‌ಟಿ ನಂಬರ್ ಬೇರೆ, ಸ್ವಂತ ಬ್ರಾಂಚಿಗೆ ಕಳಿಸಿದರೂ ತೆರಿಗೆ ಹಾಕಿ ಇನ್‌ವಾಯ್ಸ್ ಮಾಡಲೇಬೇಕು. 50,000ದ ಮಾಲಿಗೆ 18 ಪರ್ಸೆಂಟ್ ಅಂದರೆ 9,000. ಎಚ್‌ಓ ಬ್ರಾಂಚಿಗೆ 59,000 ಡೆಬಿಟ್ ಮಾಡುತ್ತದೆ. ಬ್ರಾಂಚಿನವರು ಮಾಲಿನ ಬೆಲೆ 50,000 ಮಾತ್ರ ಹೆಡ್ ಆಫೀಸಿಗೆ ಕ್ರೆಡಿಟ್ ಮಾಡಿ, ಇನ್‌ಪುಟ್ ತೆರಿಗೆಯನ್ನು ಇನ್ನೆಲ್ಲೋ ಜೋಡಿಸಿಕೊಂಡಿದ್ದರೆ ಪ್ರತಿ ಬಿಲ್ಲಿಗೂ 18 ಪರ್ಸೆಂಟ್ ಉಳಿಯುತ್ತಾ ಹೋಗುತ್ತದೆ. ತಿಂಗಳ ವ್ಯತ್ಯಾಸವನ್ನು ಆ ತಿಂಗಳು ಕಳಿಸಿದ ಮಾಲಿನ ಬೆಲೆಯಿಂದ ಭಾಗಿಸಿ, 0.18 ಸುತ್ತಮುತ್ತ ಬಂದರೆ ಇದೇ. ಸರಿಯಾದ ಎಂಟ್ರಿಯಲ್ಲಿ ಮಾಲಿಗೆ 50,000, ಇನ್‌ಪುಟ್ ಐಜಿಎಸ್‌ಟಿಗೆ 9,000 ಡೆಬಿಟ್, ಹೆಡ್ ಆಫೀಸಿಗೆ 59,000 ಕ್ರೆಡಿಟ್.

ಎರಡು ಬ್ರಾಂಚ್‌ಗಳಿದ್ದು, ಒಂದರಲ್ಲಿ ಎಚ್‌ಓ ಪುಸ್ತಕ ಜಾಸ್ತಿ, ಇನ್ನೊಂದರಲ್ಲಿ ಅಷ್ಟೇ ಮೊತ್ತ ಕಡಿಮೆ ತೋರಿಸುತ್ತಿದ್ದರೆ, ಹುಬ್ಬಳ್ಳಿಯವರು ಕಲಬುರಗಿಯವರಿಗೆ ನೇರವಾಗಿ ಮಾಲು ಕೊಟ್ಟು ಎಚ್‌ಓಗೆ ತಿಳಿಸಿಲ್ಲ ಅಂತಲೇ ಅರ್ಥ. ಎಚ್‌ಓದಲ್ಲಿ ಕಲಬುರಗಿಗೆ ಡೆಬಿಟ್, ಹುಬ್ಬಳ್ಳಿಗೆ ಕ್ರೆಡಿಟ್ ಮಾಡಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ.

ಏಪ್ರಿಲ್‌ನಲ್ಲಿ ಮತ್ತೆ ಬರುವ ವ್ಯತ್ಯಾಸ

ಮಾರ್ಚ್ ತಾಳೆಯಾಯಿತು ಅಂತ ಫೈಲ್ ಮುಚ್ಚಿದ ಮೇಲೆ ಏಪ್ರಿಲ್ 30ಕ್ಕೆ ಬ್ರಾಂಚಿನಲ್ಲಿ ಮತ್ತೆ 1,20,000 ಜಾಸ್ತಿ ಕಂಡರೆ ಗಾಬರಿ ಬೇಡ. ಬ್ರಾಂಚಿನಲ್ಲಿ ಏಪ್ರಿಲ್ 3ಕ್ಕೆ ಮಾಲು ಬಂದ ಎಂಟ್ರಿ ಮೊದಲೇ ಇತ್ತಲ್ಲ, ಹೆಡ್ ಆಫೀಸಿಗೆ ಕ್ರೆಡಿಟ್ ಮಾಡಿದ್ದು. ಮಾರ್ಚ್ 31ರ ಟ್ರಾನ್ಸಿಟ್ ಎಂಟ್ರಿಯಲ್ಲಿ ಅದೇ ಕ್ರೆಡಿಟ್ ಇನ್ನೊಮ್ಮೆ ಹೋಯಿತು. ಏಪ್ರಿಲ್ 3ರ ವೋಚರ್‌ನಲ್ಲಿ ಕ್ರೆಡಿಟ್ ಹೆಡ್ ಆಫೀಸಿಗಲ್ಲ, ಗೂಡ್ಸ್ ಇನ್ ಟ್ರಾನ್ಸಿಟ್ ಖಾತೆಗೆ ಆಗಬೇಕು. ಎಚ್‌ಓದ ಚೆಕ್ ಕೂಡ ಹಾಗೇ: ಬ್ಯಾಂಕ್ ಡೆಬಿಟ್, ಕ್ಯಾಶ್ ಇನ್ ಟ್ರಾನ್ಸಿಟ್ ಕ್ರೆಡಿಟ್, ಬ್ರಾಂಚ್ ಖಾತೆ ಮುಟ್ಟಬಾರದು. 45,000ವನ್ನು ಅಭ್ಯಾಸಬಲದಿಂದ ಬ್ರಾಂಚಿಗೇ ಕ್ರೆಡಿಟ್ ಮಾಡಿದ್ದರೆ ವ್ಯತ್ಯಾಸ 1,65,000 ಆಗಿರುತ್ತದೆ.

ನೋಡಲು ಸುಲಭದ ಜಾಗ ಅಂದರೆ ಎರಡು ಟ್ರಾನ್ಸಿಟ್ ಲೆಡ್ಜರ್‌ಗಳು. ಮಾರ್ಚಿನ ಮಾಲು, ಚೆಕ್ ಎರಡೂ ತಲುಪಿದ ಮೇಲೆ ಅವುಗಳಲ್ಲಿ ಮಾರ್ಚಿನ ಬಾಕಿ ಸೊನ್ನೆಯಾಗಿರಬೇಕು. ಮೇ ಬಂದರೂ ಅಲ್ಲಿ 1,20,000 ಕೂತಿದ್ದರೆ, ಏಪ್ರಿಲ್ 3ರ ವೋಚರ್ ಇನ್ನೂ ತಿದ್ದಿಲ್ಲ.